ಬೆಳಗ್ಗೆ ಮೊದಲ ಕೆಲಸ ಶುರುವಾಗುತ್ತಿಲ್ಲವೇ? ಹಿಂದಿನ ಸಂಜೆಯ ಡೈರಿಯಲ್ಲಿ ದೋಷ ಹುಡುಕುವ ಬಗೆ

ನಮ್ಮದು ದಾವಣಗೆರೆಯ ಸಣ್ಣ ತೆರಿಗೆ ಸಲಹಾ ಕಚೇರಿ. ನಾನು, ಇಬ್ಬರು ಸಹಾಯಕರು, ಸುಮಾರು ಎಪ್ಪತ್ತು ಪಾರ್ಟಿಗಳು. ಗ್ರಾಹಕ ಎಂಬ ಪದ ನಮ್ಮ ಬೋರ್ಡಿನ ಮೇಲಿದೆ, ಬಾಯಲ್ಲಿ ಬರುವುದು ಪಾರ್ಟಿ ಎಂದೇ. ಸಂಜೆ ಹೊರಡುವ ಮುನ್ನ ಮುಗಿಯದ ಕೆಲಸಗಳನ್ನು ನಾಳೆಯ ಪುಟಕ್ಕೆ ಬರೆದು, ಬೆಳಗ್ಗೆ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಹೆಸರಿಸಿ, ಡೈರಿ ಮುಚ್ಚುವ ಪದ್ಧತಿ ನಮ್ಮಲ್ಲಿ ಬಹಳ ದಿನಗಳಿಂದ ಇದೆ. ಹಾಗಿದ್ದರೂ ಒಂದು ಜುಲೈ ತಿಂಗಳಲ್ಲಿ ಅದು ಕೆಟ್ಟು ನಿಂತಿತು. ದಿನವೂ ಡೈರಿ ಬರೆಯುತ್ತಿದ್ದೆವು, ದಿನವೂ ಮೊದಲ ಕೆಲಸ ಹೆಸರಿಸುತ್ತಿದ್ದೆವು, ಆದರೂ ಆ ಕೆಲಸಕ್ಕೆ ಕೈ ಹಾಕುವ ಹೊತ್ತಿಗೆ ಹನ್ನೊಂದು ಗಂಟೆಯಾಗುತ್ತಿತ್ತು. ಎಲ್ಲಿ ಕೆಟ್ಟಿದೆ ಎಂದು ಹುಡುಕಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಕಚೇರಿಯ ಕೆಲಸ ಬೇರೆ ಇರಬಹುದು. ದೋಷಗಳು ಹೆಚ್ಚುಕಡಿಮೆ ಇವೇ ಆಗಿರುತ್ತವೆ.

ಮೊದಲು, ಸರಿಯಾಗಿ ನಡೆಯುವಾಗ ಅದು ಹೇಗಿರುತ್ತದೆ

ರೋಕಡ ಪುಸ್ತಕ, ಅಂದರೆ ನಗದು ಲೆಕ್ಕದ ಪುಸ್ತಕ, ಬರೆದವರಿಗೆ ಇದನ್ನು ವಿವರಿಸುವುದು ಸುಲಭ. ದಿನದ ಕೊನೆಗೆ ಆಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಮೊತ್ತ, ತೆಗೆಯುತ್ತೇವೆ. ಮರುದಿನದ ಪುಟದ ಮೊದಲ ಸಾಲಿನಲ್ಲಿ ಅದೇ ಮೊತ್ತ ಆರಂಭದ ಶಿಲ್ಕಾಗಿ ಕೂರಬೇಕು. ಕೆಲಸಗಳಿಗೂ ಇದೇ ಲೆಕ್ಕ. ಸಂಜೆ ಐದೂಕಾಲಕ್ಕೆ ಇಂದಿನ ಪುಟವನ್ನು ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಓದುತ್ತೇವೆ. ಮುಗಿದ ಸಾಲಿಗೆ ಅಡ್ಡಗೆರೆ. ಮುಗಿಯದ ಸಾಲಿಗೆ ನಾಲ್ಕರಲ್ಲಿ ಒಂದು ಗತಿ: ನಾಳೆಯ ಪುಟಕ್ಕೆ ಹೊಸದಾಗಿ ಬರೆಯುವುದು, ಮುಂದಿನ ಯಾವುದೋ ತಾರೀಕಿನ ಪುಟಕ್ಕೆ ಬರೆಯುವುದು, ಇನ್ನೊಬ್ಬರಿಗೆ ಒಪ್ಪಿಸಿ ಅವರ ಹೆಸರು ಹಾಕುವುದು, ಇಲ್ಲವೇ ಕೈಬಿಡುವುದು. ನಾಲ್ಕನೆಯದಕ್ಕೆ ಧೈರ್ಯ ಬೇಕು, ಅದರ ಮಾತು ಮುಂದೆ ಬರುತ್ತದೆ. ಕೊನೆಗೆ ನಾಳೆಯ ಪುಟದ ನೆತ್ತಿಯ ಮೇಲೆ ಒಂದೇ ಒಂದು ವಾಕ್ಯ: ಬೆಳಗ್ಗೆ ಮೊದಲು ಮಾಡುವ ಕೆಲಸ. ಆ ಕೆಲಸದ ಕಡತ ಮೇಜಿನ ಮೇಲೆ ಬರುತ್ತದೆ, ಉಳಿದವು ಕಪಾಟಿಗೆ ಹೋಗುತ್ತವೆ. ಒಟ್ಟು ಹದಿನೈದು ನಿಮಿಷ.

ಇಷ್ಟರಲ್ಲಿ ಕೆಡಲು ಏನಿದೆ ಎನಿಸುತ್ತದೆ. ಕೆಡುವುದು ಬರೆಯುವ ಪದಗಳಲ್ಲಿ.

ಲಕ್ಷಣ: ಮೊದಲ ಕೆಲಸ ಬರೆದಿದೆ, ಆದರೆ ಬೆಳಗ್ಗೆ ಅದು ಶುರುವಾಗುವುದಿಲ್ಲ

ಜುಲೈ 17ರ ಸಂಜೆ ನಮ್ಮ ಡೈರಿಯ ನಾಳೆಯ ಪುಟ ಹೀಗಿತ್ತು. ಅಂದು ಬರೆದವನು ನಾನೇ, ಆದ್ದರಿಂದ ಬೈಯಲು ಬೇರೆಯವರಿಲ್ಲ.

ಮೊದಲ ಕೆಲಸ: ಜಿಎಸ್‌ಟಿ, ಹಾರ್ಡ್‌ವೇರ್ ಅಂಗಡಿ
ನೋಟಿಸ್ →
ಟಿಡಿಎಸ್ ರಿಟರ್ನ್ →
ಬ್ಯಾಂಕ್ ಸ್ಟೇಟ್‌ಮೆಂಟ್ →
ಪ್ರಿಂಟರ್ →

18ರ ಬೆಳಗ್ಗೆ 9.40ಕ್ಕೆ ಬಂದು ಕೂತೆ. ಮೊದಲ ಸಾಲು ಓದಿದೆ. ಹಾರ್ಡ್‌ವೇರ್ ಅಂಗಡಿಯ ಮಾಸಿಕ ರಿಟರ್ನ್ ಸಲ್ಲಿಸಬೇಕು, 20ನೇ ತಾರೀಕು ಗಡುವು. ಪೋರ್ಟಲ್ ತೆರೆದೆ. ಆ ಅಂಗಡಿ ಒಬ್ಬರ ಮಾಲೀಕತ್ವದ್ದು; ರಿಟರ್ನ್‌ಗೆ ಸಹಿ ಎಂದರೆ ಅವರ ಮೊಬೈಲ್‌ಗೆ ಬರುವ ಒಟಿಪಿ. ಫೋನ್ ಮಾಡಿದೆ. ಎರಡನೆಯ ಸಲಕ್ಕೆ ಎತ್ತಿದರು.

"ಸರ್, ನಮಸ್ಕಾರ. ಆ ಫೋನ್ ಅಂಗಡಿಯಲ್ಲೇ ಇರುತ್ತದೆ. ನಾವು ಅಂಗಡಿ ತೆಗೆಯುವುದೇ ಹನ್ನೊಂದಕ್ಕಲ್ಲವೇ?"

ಗೊತ್ತಿದ್ದ ವಿಷಯವೇ. ಸರಿ, ಅಲ್ಲಿಯವರೆಗೆ ಖರೀದಿ ತಾಳೆಯನ್ನಾದರೂ ಇನ್ನೊಮ್ಮೆ ನೋಡೋಣ ಎಂದರೆ ಕಡತ ಸಹಾಯಕಿಯ ಮೇಜಿನಲ್ಲಿತ್ತು, ಡ್ರಾಯರ್‌ಗೆ ಬೀಗ, ಆಕೆ ಬರುವುದು ಹತ್ತಕ್ಕೆ. ಹತ್ತಕ್ಕೆ ಆಕೆ ಬಂದ ಮೇಲೆ, "ಸರ್, ಎಲ್ಲಿಯವರೆಗೆ ಆಗಿತ್ತು?" ಎಂದಳು. ನನಗೂ ನೆನಪಿರಲಿಲ್ಲ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಆರು ಸಂದೇಶ, ಬಾಗಿಲಲ್ಲಿ ಒಬ್ಬರು ಪ್ಯಾನ್ ಕಾರ್ಡ್ ಹಿಡಿದು ನಿಂತಿದ್ದರು. ಬೆಳಗ್ಗೆ ಮುಗಿಯಿತು.

ಇಲ್ಲಿ ಒಂದು ಸಾಲಿನಲ್ಲಿ ಮೂರು ದೋಷಗಳಿವೆ. ಒಂದೊಂದನ್ನೂ ಹಿಂದಿನ ಸಂಜೆಯೇ ಪತ್ತೆ ಮಾಡಬಹುದಿತ್ತು.

ಮೊದಲನೆಯದು, ಆ ಸಾಲಿನಲ್ಲಿ ಕ್ರಿಯಾಪದವಿಲ್ಲ. "ಜಿಎಸ್‌ಟಿ, ಹಾರ್ಡ್‌ವೇರ್ ಅಂಗಡಿ" ಎಂಬುದು ಕಡತದ ಬೆನ್ನಿನ ಮೇಲೆ ಬರೆಯುವ ಹೆಸರು. ಸಂಜೆ ಐದೂವರೆಗೆ ಅದನ್ನು ಬರೆಯುವಾಗ ಮುಂದೇನು ಮಾಡಬೇಕು ಎಂಬುದು ತಲೆಯಲ್ಲಿ ನಿಚ್ಚಳವಾಗಿರುತ್ತದೆ, ಆದ್ದರಿಂದ ಹೆಸರು ಸಾಕೆನಿಸುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಆ ನಿಚ್ಚಳ ಹೋಗಿ ಹೆಸರಷ್ಟೇ ಉಳಿದಿರುತ್ತದೆ. ಪರೀಕ್ಷೆ ಸರಳ: ಬರೆದ ಸಾಲನ್ನು ಪಕ್ಕದವರಿಗೆ ಓದಿ ಹೇಳಿ. "ಅಂದರೆ ಏನು ಮಾಡಬೇಕು?" ಎಂಬ ಪ್ರಶ್ನೆ ಬಂದರೆ ಸಾಲು ಕೆಟ್ಟಿದೆ.

ಎರಡನೆಯದು ದೊಡ್ಡದು. ಆ ಕೆಲಸ ಬೇರೆಯವರ ಕೈಯಲ್ಲಿತ್ತು. ಅಂಗಡಿ ತೆರೆಯಬೇಕು, ಅವರು ಫೋನ್ ನೋಡಬೇಕು, ಒಟಿಪಿ ಹೇಳಬೇಕು. ಬೆಳಗಿನ ಮೊದಲ ಕೆಲಸಕ್ಕೆ ನಾನು ಈಗ ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಕೂತ ಎರಡು ನಿಮಿಷದೊಳಗೆ, ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಶುರು ಮಾಡಲು ಆಗುತ್ತದೆಯೇ? ಆಗದಿದ್ದರೆ ಅದು ಎಷ್ಟೇ ತುರ್ತಾಗಿದ್ದರೂ ಮೊದಲ ಕೆಲಸವಾಗಲು ಅನರ್ಹ. ತುರ್ತಾದದ್ದಕ್ಕೆ ಅದರದೇ ಗಂಟೆ ಬರೆಯಬೇಕು. ನಮ್ಮ ತಪ್ಪು ಇದ್ದದ್ದೇ ಇಲ್ಲಿ: ಗಡುವು ಹತ್ತಿರವಿರುವುದನ್ನೆಲ್ಲ ಮೊದಲ ಕೆಲಸವಾಗಿಸುತ್ತಿದ್ದೆವು. ಮೊದಲ ಕೆಲಸ ಎಂದರೆ ಅತಿ ಮುಖ್ಯ ಕೆಲಸ ಎಂದು ಬಹಳ ಜನ ತಿಳಿಯುತ್ತಾರೆ. ನನ್ನ ಪ್ರಕಾರ ಅದು ಗಾಡಿಯನ್ನು ಗೇರಿಗೆ ಹಾಕುವ ಕೆಲಸ. ಮುಖ್ಯವಾದ ಕೆಲಸದ ಒಂದು ತುಣುಕಾದರೆ ಒಳ್ಳೆಯದೇ, ಆದರೆ ಶುರುವಾಗುವುದು ಅದರ ಮೊದಲ ಗುಣ.

ಮೂರನೆಯದು, ಕಡತ ಬೀಗದೊಳಗಿತ್ತು, ಎಲ್ಲಿ ನಿಂತಿತ್ತು ಎಂಬ ಗುರುತೂ ಇರಲಿಲ್ಲ.

ಅದೇ ಸಾಲನ್ನು ಮರುದಿನ ಸಂಜೆ ಸರಿಪಡಿಸಿ ಬರೆದದ್ದು ಹೀಗೆ: "ಹಾರ್ಡ್‌ವೇರ್ ಅಂಗಡಿಯ ಜೂನ್ ಖರೀದಿ ಪಟ್ಟಿಯನ್ನು 2ಬಿ ಜೊತೆ ತಾಳೆ ನೋಡು, 31ನೇ ಬಿಲ್‌ನಿಂದ ಮುಂದೆ, ಪೈಪ್‌ನವರ ಎರಡು ಬಿಲ್ ಕಾಣುತ್ತಿಲ್ಲ." ಅದರ ಕೆಳಗೆ ಬೇರೆ ಸಾಲು: "11.15ಕ್ಕೆ ಅಂಗಡಿಗೆ ಫೋನ್, ಒಟಿಪಿ ತೆಗೆದುಕೊಂಡು 3ಬಿ ಸಲ್ಲಿಸು." 2ಬಿ ಎಂದರೆ ಖರೀದಿಗಳ ಬಗ್ಗೆ ಪೋರ್ಟಲ್ ತಾನೇ ಸಿದ್ಧಪಡಿಸುವ ಪಟ್ಟಿ, 3ಬಿ ಎಂದರೆ ಆ ಮಾಸಿಕ ರಿಟರ್ನ್. ಕಡತದ ಲಾಡಿ ಬಿಚ್ಚಿ, 31ನೇ ಬಿಲ್ ಮೇಲಕ್ಕೆ ಬರುವಂತೆ ತೆರೆದು, ಅದರ ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಸಣ್ಣ ಗೆರೆ ಎಳೆದು, ಕೀಬೋರ್ಡ್‌ನ ಮೇಲೆಯೇ ಇಟ್ಟು ಹೊರಟೆ. ಬೆಳಗ್ಗೆ ಕಂಪ್ಯೂಟರ್ ಮುಟ್ಟಬೇಕಾದರೆ ಆ ಕಡತವನ್ನು ಎತ್ತಲೇಬೇಕು. ಎತ್ತಿದವನ ಕಣ್ಣಿಗೆ ಪೆನ್ಸಿಲ್ ಗೆರೆ ಬೀಳುತ್ತದೆ. ಅಲ್ಲಿಂದ ಮುಂದೆ ಸಂಕಲ್ಪದ ಅಗತ್ಯವೇ ಇರಲಿಲ್ಲ.

ಇನ್ನೊಂದು ಸೂಕ್ಷ್ಮ. ಕೆಲಸವನ್ನು ಒಂದು ಘಟ್ಟ ಮುಗಿಸಿ ನಿಲ್ಲಿಸುವುದಕ್ಕಿಂತ, ಮುಂದಿನ ಹೆಜ್ಜೆ ಗೊತ್ತಿರುವಾಗಲೇ ನಿಲ್ಲಿಸುವುದು ಬೆಳಗ್ಗೆಗೆ ಹಿತ. 30 ಬಿಲ್ ತಾಳೆಯಾಗಿ ಕೈ ಓಡುತ್ತಿರುವಾಗ ನಿಲ್ಲಿಸಿದರೆ 31ಕ್ಕೆ ಯೋಚನೆ ಬೇಡ. ಇಡೀ ತಾಳೆ ಮುಗಿಸಿ, "ಇನ್ನು ನೋಟಿಸ್‌ಗೆ ಉತ್ತರ ಶುರು ಮಾಡಬೇಕು" ಎಂಬಲ್ಲಿ ನಿಂತರೆ ಮರುದಿನ ಬೆಳಗ್ಗೆ ಖಾಲಿ ಹಾಳೆಯ ಮುಂದೆ ಕೂರಬೇಕಾಗುತ್ತದೆ.

ಲಕ್ಷಣ: ಒಂದೇ ಸಾಲು ದಿನದಿಂದ ದಿನಕ್ಕೆ ಉರುಳುತ್ತಿದೆ

ಮೇಲಿನ ಪುಟದಲ್ಲಿರುವ ಬಾಣಗಳನ್ನು ನೋಡಿ. ಬಾಣ ಎಳೆಯುವುದು ಸಲೀಸು, ಕೆಡಿಸುವುದೂ ಅದೇ. ನಮ್ಮಲ್ಲಿ "ನೋಟಿಸ್ →" ಎಂಬ ಸಾಲು ಹಿಂದಿನ ಹನ್ನೊಂದು ಪುಟಗಳಲ್ಲಿ ಇತ್ತು. ಹನ್ನೊಂದು ಸಂಜೆ ಯಾರೋ ಅದನ್ನು ನೋಡಿದ್ದಾರೆ, ಆದರೆ ಯಾರೂ ಓದಿರಲಿಲ್ಲ.

ಅದು ಒಂದು ಬಟ್ಟೆ ಅಂಗಡಿಗೆ ಬಂದ ಜಿಎಸ್‌ಟಿ ಪರಿಶೀಲನಾ ನೋಟಿಸ್, ಪೋರ್ಟಲ್‌ನಲ್ಲಿ ASMT-10 ಎಂದು ಕಾಣಿಸುವಂಥದು. ಇದಕ್ಕೆ ಉತ್ತರಿಸಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 30 ದಿನ. ಅದರಲ್ಲಿ ಹನ್ನೊಂದು ದಿನವನ್ನು ಬಾಣಗಳಿಗೆ ಕೊಟ್ಟಿದ್ದೆವು.

ರೋಗ ಯಾವುದೆಂದು ತಿಳಿಯಲು ಮೊದಲು ಬಾಣವನ್ನು ನಿಷೇಧಿಸಿದೆವು. ಸಾಲು ಮುಂದಕ್ಕೆ ಹೋಗಬೇಕಾದರೆ ಅದನ್ನು ಪೂರ್ತಿಯಾಗಿ, ಹೊಸ ಪದಗಳಲ್ಲಿ, ಕೈಯಿಂದ ಬರೆಯಬೇಕು. ಪಕ್ಕದಲ್ಲಿ ಎಷ್ಟನೆಯ ಸಲ ಎಂಬುದಕ್ಕೆ ಒಂದೊಂದು ಚುಕ್ಕೆ ಇಡಬೇಕು. ಮೊಬೈಲ್ ಆ್ಯಪ್ ಬಳಸುವವರಿಗೆ ಈ ದೋಷ ಇನ್ನೂ ಸುಲಭವಾಗಿ ತಗಲುತ್ತದೆ, ಏಕೆಂದರೆ ಹಲವು ಆ್ಯಪ್‌ಗಳಲ್ಲಿ ಬಾಕಿ ಕೆಲಸ ತಾನಾಗಿಯೇ ಮರುದಿನಕ್ಕೆ ಜಾರುವಂತೆ ಮಾಡಬಹುದು. ಆ ಸೌಲಭ್ಯವನ್ನು ನಿಲ್ಲಿಸಿಬಿಡಿ. ಕೈಯಿಂದ ನಕಲು ಮಾಡುವ ಬೇಸರವೇ ಇಲ್ಲಿ ತಪಾಸಣೆ. ಮೂರನೆಯ ಸಲ ಬರೆಯುವಾಗ ಕೈ ತಾನಾಗಿ ನಿಲ್ಲುತ್ತದೆ, "ಇದನ್ನು ಏಕೆ ಮಾಡುತ್ತಿಲ್ಲ?" ಎಂಬ ಪ್ರಶ್ನೆ ಏಳುತ್ತದೆ.

ಮೂರು ಚುಕ್ಕೆ ಬಿದ್ದ ಸಾಲನ್ನು ನಾಲ್ಕನೆಯ ಸಲ ಅದೇ ರೂಪದಲ್ಲಿ ಬರೆಯುವಂತಿಲ್ಲ ಎಂಬುದು ಈಗ ನಮ್ಮ ನಿಯಮ. ಅದರ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಒಂದೋ ಅದು ಒಂದು ಕೆಲಸವಲ್ಲ, ಹತ್ತು ಕೆಲಸಗಳ ಗಂಟು. ಅಥವಾ ಅದು ಯಾರನ್ನೋ, ಯಾವುದನ್ನೋ ಕಾಯುತ್ತಿದೆ. ಅಥವಾ ಅದನ್ನು ಮಾಡುವ ಇರಾದೆ ನಮಗೆ ನಿಜಕ್ಕೂ ಇಲ್ಲ.

ನೋಟಿಸ್ ಗಂಟಿನ ಜಾತಿಯದು. ಕೂತು ಬಿಡಿಸಿದಾಗ ಕಂಡದ್ದು: ನೋಟಿಸ್‌ನಲ್ಲಿ ಹೇಳಿದ ವ್ಯತ್ಯಾಸ ಯಾವ ತಿಂಗಳದ್ದೆಂದು ಗುರುತಿಸುವುದು, ಆ ತಿಂಗಳ ಮಾರಾಟ ವಹಿಯನ್ನು ಅಂಗಡಿಯಿಂದ ತರಿಸುವುದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಪಟ್ಟಿ ಮಾಡುವುದು, ಉತ್ತರದ ಕರಡು, ಮಾಲೀಕರೊಡನೆ ಮಾತು, ಕೊನೆಗೆ ಉತ್ತರದ ನಮೂನೆಯಾದ ASMT-11ರಲ್ಲಿ ಸಲ್ಲಿಕೆ. ಇವುಗಳಲ್ಲಿ ಬೆಳಗಿನ ಮೊದಲ ಕೆಲಸವಾಗಲು ಅರ್ಹವಾದದ್ದು ಮೊದಲನೆಯದು ಮಾತ್ರ. ಪೋರ್ಟಲ್ ತೆರೆದು ನಾನೊಬ್ಬನೇ ಮಾಡಬಹುದು. ಮಾಡಿದೆ, ಇಪ್ಪತ್ತೈದು ನಿಮಿಷ ಹಿಡಿಯಿತು. ಹನ್ನೊಂದು ದಿನ ಹೆದರಿಸಿದ್ದು ಇಪ್ಪತ್ತೈದು ನಿಮಿಷದ ಕೆಲಸ ಎಂದು ತಿಳಿದಾಗ ಬಂದದ್ದು ನೆಮ್ಮದಿಗಿಂತ ಹೆಚ್ಚಾಗಿ ನಾಚಿಕೆ.

"ಬ್ಯಾಂಕ್ ಸ್ಟೇಟ್‌ಮೆಂಟ್ →" ಕಾಯುವ ಜಾತಿಯದು. ಪಾರ್ಟಿಗೆ ಕೇಳಿ ಆಗಿದೆ, ಅವರು ಕಳಿಸಿಲ್ಲ. ಇಂಥ ಸಾಲು ನಾಳೆಯ ಪುಟದಲ್ಲಿ ಇರಬಾರದು, ಏಕೆಂದರೆ ನಾಳೆ ನಾನು ಮಾಡುವುದು ಏನೂ ಇಲ್ಲ. ಡೈರಿಯ ಕೊನೆಯ ಪುಟದಲ್ಲಿ "ಬರಬೇಕಾದದ್ದು" ಎಂದು ಒಂದು ಪಟ್ಟಿ ಇಟ್ಟು ಅಲ್ಲಿ ಪಾರ್ಟಿಯ ಹೆಸರು, ಕೇಳಿದ ತಾರೀಕು, ಮತ್ತೆ ಕೇಳುವ ತಾರೀಕು ಬರೆಯುತ್ತೇವೆ. ಮತ್ತೆ ಕೇಳುವ ದಿನದ ಪುಟದಲ್ಲಿ ಮಾತ್ರ ಅದು ಕೆಲಸವಾಗಿ ಕಾಣಿಸುತ್ತದೆ.

ಕಾಯುವ ಜಾತಿಯಲ್ಲಿಯೇ ಕ್ಯಾಲೆಂಡರ್ ಕಾಯುವ ಒಂದು ಉಪಜಾತಿ ಇದೆ. ಹಿಂದಿನ ತಿಂಗಳ ಖರೀದಿಯ ಜಿಎಸ್‌ಟಿಆರ್-2ಬಿ ಪೋರ್ಟಲ್‌ನಲ್ಲಿ ಸಿದ್ಧವಾಗುವುದು 14ನೇ ತಾರೀಕಿಗೆ. ನಮ್ಮ ಹುಡುಗ 9ನೇ ತಾರೀಕಿನಿಂದಲೇ "2ಬಿ ತಾಳೆ" ಎಂದು ದಿನವೂ ಮುಂದಕ್ಕೆ ಬರೆಯುತ್ತಿದ್ದ. ಐದು ದಿನ, ಐದು ಚುಕ್ಕೆ, ತಪ್ಪು ಯಾರದೂ ಅಲ್ಲ. ಸಾಲು ತಪ್ಪು ಪುಟದಲ್ಲಿ ಕೂತಿತ್ತು ಅಷ್ಟೇ. "ನಾಳೆಗೆ" ಎಂದು ಬರೆಯುವ ಮುನ್ನ "ನಾಳೆ ಇದು ಸಾಧ್ಯವೇ?" ಎಂದು ಕೇಳಿಕೊಂಡರೆ ಇಂಥವು ನೇರವಾಗಿ ತಮ್ಮ ತಾರೀಕಿಗೆ ಹೋಗುತ್ತವೆ. ಟಿಡಿಎಸ್ ರಿಟರ್ನ್ ಕೂಡ ಹಾಗೆಯೇ. ಜೂನ್ ತ್ರೈಮಾಸಿಕದ್ದಕ್ಕೆ ಜುಲೈ 31ರವರೆಗೆ ಸಮಯವಿದೆ. 20ರ ಗದ್ದಲ ಕಳೆಯುವ ಮುನ್ನ ಅದನ್ನು ದಿನವೂ ಹೊತ್ತು ತಿರುಗುವುದರಿಂದ ಪಟ್ಟಿ ಉದ್ದವಾಯಿತೇ ಹೊರತು ಕೆಲಸವಾಗಲಿಲ್ಲ. ಅದನ್ನು 22ರ ಪುಟಕ್ಕೆ ಕಳಿಸಿದೆವು.

ಪ್ರಿಂಟರ್ ಮೂರನೆಯ ಜಾತಿ. ಹಳೆಯ ಪ್ರಿಂಟರ್ ರಿಪೇರಿಗೆ ಕೊಡಬೇಕೆಂದು ಬರೆದು ಎಷ್ಟು ದಿನವಾಗಿತ್ತೋ. ಹೊಸದು ಬಂದು ಎರಡು ತಿಂಗಳಾಗಿತ್ತು. ಅಡ್ಡಗೆರೆ ಎಳೆದು ಪಕ್ಕದಲ್ಲಿ "ಬಿಟ್ಟಿದೆ" ಎಂದು ಬರೆದೆ. ಸುಮ್ಮನೆ ನಕಲು ಮಾಡದೆ ಬಿಡುವುದಕ್ಕೂ, ಬಿಟ್ಟಿದ್ದೇನೆ ಎಂದು ಬರೆದು ಬಿಡುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ರೋಕಡದಲ್ಲಿ ಹಣ ಕಾಣೆಯಾದಂತೆ, ಎರಡನೆಯದು ಖರ್ಚು ಹಾಕಿದಂತೆ.

ಲಕ್ಷಣ: ಮುಂದಕ್ಕೆ ಬರೆದ ಕೆಲಸ ನಡುವೆ ಎಲ್ಲೋ ಮಾಯವಾಗಿದೆ

ಇದು ಅಪರೂಪ, ಆದರೆ ಹೊಡೆತ ದೊಡ್ಡದು. ಪತ್ತೆ ಮಾಡಲು ರೋಕಡದ ಉಪಾಯವೇ ಸಾಕು. ಪುಟದ ಬುಡದಲ್ಲಿ ನಾಲ್ಕು ಅಂಕಿ ಬರೆಯುತ್ತೇವೆ. ಉದಾಹರಣೆಗೆ ಒಂದು ದಿನ: ಬೆಳಗಿನ ಶಿಲ್ಕು 8, ಹೊಸದಾಗಿ ಬಂದದ್ದು 7, ಮುಗಿದದ್ದು 6, ನಾಳೆಯ ಪಟ್ಟಿಯಿಂದ ಹೊರಹೋದದ್ದು 1. ಹಾಗಾದರೆ ಸಂಜೆಯ ಶಿಲ್ಕು 8. ನಾಳೆಯ ಪುಟದಲ್ಲಿ ಎಂಟು ಸಾಲು ಇರಬೇಕು. ಏಳೇ ಇದ್ದರೆ ಒಂದು ಜಾರಿದೆ, ಹೊರಡುವ ಮುನ್ನವೇ ಹುಡುಕಬಹುದು. ಒಪ್ಪಿಸಿದ್ದು, ಬೇರೆ ತಾರೀಕಿಗೆ ಹೋದದ್ದು, ಕೈಬಿಟ್ಟದ್ದು ಎಲ್ಲವೂ "ಹೊರಹೋದದ್ದು" ಎಂಬುದರಲ್ಲೇ ಸೇರುತ್ತವೆ.

ನಮ್ಮಲ್ಲಿ ಜಾರುತ್ತಿದ್ದ ಜಾಗ ಶನಿವಾರ ಸಂಜೆ. ನಾವು ಬಳಸುವ ಡೈರಿಯಲ್ಲಿ ಭಾನುವಾರಕ್ಕೆ ಅರ್ಧ ಪುಟವಷ್ಟೇ. ಅಭ್ಯಾಸಬಲದಿಂದ ಕೈ ಮುಂದಿನ ಪುಟಕ್ಕೇ ಹೋಗುತ್ತಿತ್ತು, ಬಾಕಿ ಕೆಲಸಗಳು ಭಾನುವಾರದ ಅರ್ಧ ಪುಟದಲ್ಲಿ ಕೂರುತ್ತಿದ್ದವು, ಸೋಮವಾರ ಬೆಳಗ್ಗೆ ಸೋಮವಾರದ ಪುಟ ತೆರೆದವರಿಗೆ ಅವು ಕಾಣುತ್ತಿರಲಿಲ್ಲ. ಈಗ ಶನಿವಾರ ಮಧ್ಯಾಹ್ನವೇ ಭಾನುವಾರದ ಜಾಗದ ಮೇಲೆ ಒಂದು ಓರೆಗೆರೆ ಎಳೆದಿಡುತ್ತೇವೆ. ಹಬ್ಬದ ರಜೆಗೂ ಹಾಗೆಯೇ. ಡೈರಿಗೆ ನಾಳೆ ಎಂದರೆ ಮುಂದಿನ ಕೆಲಸದ ದಿನ.

ಲಕ್ಷಣ: ಪದ್ಧತಿ ಸರಿಯಿದೆ, ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ

ಮೇಲಿನ ಅಂಕಿಗಳನ್ನು ಒಂದು ವಾರ ಬರೆದರೆ ಇದಕ್ಕೆ ಉತ್ತರ ಸಿಗುತ್ತದೆ. ಜುಲೈನ ಆ ವಾರ ನಮ್ಮಲ್ಲಿ ಆರು ದಿನಗಳಲ್ಲಿ 41 ಕೆಲಸ ಬಂದವು, 29 ಮುಗಿದವು. ದಿನಕ್ಕೆ ಎರಡರಂತೆ ಹನ್ನೆರಡು ಉಳಿದವು. ಯಾವ ಡೈರಿಯೂ, ಯಾವ ಸಂಜೆಯ ಶಿಸ್ತೂ ಇದನ್ನು ಸರಿಮಾಡಲಾರದು. ಇದು ಪದ್ಧತಿಯ ದೋಷವಲ್ಲ, ಹೊರೆಯ ದೋಷ. ನಮ್ಮ ವೃತ್ತಿಯಲ್ಲಿ 7ರ ಟಿಡಿಎಸ್ ಪಾವತಿ, 11ರ ಮಾರಾಟ ವಿವರದ ಜಿಎಸ್‌ಟಿಆರ್-1, 20ರ 3ಬಿ ಸುತ್ತ ಪಟ್ಟಿ ಉಬ್ಬುವುದು ಸಹಜ; 22ರ ಹೊತ್ತಿಗೆ ಇಳಿಯುತ್ತದೆಯೇ ಎಂಬುದು ನೋಡಬೇಕಾದ ಸಂಗತಿ. 25ಕ್ಕೂ ಇಳಿಯದಿದ್ದರೆ ಪಾರ್ಟಿ ಕಡಿಮೆ ಮಾಡಬೇಕು, ಇಲ್ಲವೇ ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು. ನಾವು ಹೊಸ ಪಾರ್ಟಿಗಳನ್ನು ಒಪ್ಪಿಕೊಳ್ಳುವುದನ್ನು ದೀಪಾವಳಿಯವರೆಗೆ ನಿಲ್ಲಿಸಿದೆವು. ಅದನ್ನು ಇಲ್ಲಿ ಬರೆಯಲು ಕಾರಣ, ಹೊರೆ ಹೆಚ್ಚಾದವರೇ ಹೆಚ್ಚಾಗಿ ಹೊಸ ಹೊಸ ಡೈರಿ ಕೊಳ್ಳುವುದನ್ನು ಕಂಡಿದ್ದೇನೆ.

ಲಕ್ಷಣ: ಡೈರಿ ಮುಚ್ಚಿದ ಮೇಲೂ ಕೆಲಸ ತಲೆಯಲ್ಲಿ ಓಡುತ್ತಿದೆ

ರಾತ್ರಿ ಹತ್ತಕ್ಕೆ, "ಅವರಿಗೆ ಫೋನ್ ಮಾಡುತ್ತೇನೆ ಎಂದಿದ್ದೆನಲ್ಲ" ಎಂದು ಥಟ್ಟನೆ ನೆನಪಾಗುತ್ತದೆ ಎಂದರೆ, ಆ ಮಾತು ಪುಟಕ್ಕೆ ಬಂದೇ ಇರಲಿಲ್ಲ ಎಂದರ್ಥ. ಡೈರಿಯ ಪುಟ ಓದಿದರೆ ಡೈರಿಯಲ್ಲಿರುವುದಷ್ಟೇ ಸಿಗುತ್ತದೆ. ನಾವು ಮಾತು ಕೊಡುವ ಜಾಗಗಳು ಬೇರೆಯೂ ಇವೆ: ವಾಟ್ಸಾಪ್, ಫೋನ್ ಕರೆ, ಮೆಟ್ಟಿಲ ಮೇಲೆ ಎದುರಾದವರು. ಎರಡು ರಾತ್ರಿ ನೆನಪಾದದ್ದು ಎಲ್ಲಿಂದ ಬಂದದ್ದೆಂದು ಗುರುತು ಹಾಕಿಕೊಳ್ಳಿ, ಸೋರುವ ಜಾಗ ಗೊತ್ತಾಗುತ್ತದೆ. ನನ್ನದು ಫೋನ್ ಕರೆಗಳು. ಈಗ ಐದೂಕಾಲಕ್ಕೆ ಪುಟ ಓದುವ ಮುನ್ನ ಮೊಬೈಲ್‌ನ ಕರೆಪಟ್ಟಿಯನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡುತ್ತೇನೆ. ಪ್ರತಿ ಹೆಸರಿನ ಎದುರು "ಇವರಿಗೆ ಏನಾದರೂ ಒಪ್ಪಿಕೊಂಡೆನೇ?" ಎಂದು ಕೇಳಿಕೊಂಡರೆ ಸಾಕು, ಎರಡು ನಿಮಿಷದ ಮಾತು.

ಬರೆಯುವುದರಿಂದ ತಲೆ ಹಗುರಾಗುತ್ತದೆ ಎಂಬುದಕ್ಕೆ ಪ್ರಯೋಗವೊಂದಿದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 57 ಮಂದಿ ಯುವಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿದ್ದರು. ಮಲಗುವ ಮುನ್ನ ಐದು ನಿಮಿಷ ಅರ್ಧದಷ್ಟು ಜನ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು. ಮಾಡಬೇಕಾದದ್ದನ್ನು ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಅವರಲ್ಲಿಯೂ ಪಟ್ಟಿ ಹೆಚ್ಚು ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂತು. ಇದು ಆರೋಗ್ಯವಂತ ಯುವಕರ ಸಣ್ಣ ಗುಂಪು, ಒಂದೇ ರಾತ್ರಿಯ ಮಾತು. ನಿದ್ರಾಹೀನತೆಗೆ ಮದ್ದೆಂದು ಯಾರೂ ಓದಬಾರದು. ಆದರೆ "ನೋಟಿಸ್ →" ಎಂದು ಬರೆದು ಮಲಗಿದವನಿಗೂ, "ವ್ಯತ್ಯಾಸ ಯಾವ ತಿಂಗಳದ್ದು ನೋಡು" ಎಂದು ಬರೆದು ಮಲಗಿದವನಿಗೂ ಇರುವ ವ್ಯತ್ಯಾಸ ನನಗೆ ಅದರಲ್ಲಿ ಕಂಡಿತು.

ಲಕ್ಷಣ: ಸಂಜೆಯ ಕ್ರಮವೇ ತಪ್ಪಿಹೋಗುತ್ತಿದೆ

ಕಾರಣ ಹೆಚ್ಚಾಗಿ ಗಡಿಯಾರ. ಕಚೇರಿ ಮುಚ್ಚುವುದು ಆರಕ್ಕೆ ಎಂದು ಆರಕ್ಕೆ ಹತ್ತು ನಿಮಿಷ ಇರುವಾಗ ಡೈರಿ ತೆಗೆದರೆ, ಅದೇ ಹೊತ್ತಿಗೆ ಅಂಗಡಿಯಿಂದ ಯಾರಾದರೂ ಬಂದೇ ಬರುತ್ತಾರೆ, ಇಲ್ಲವೇ ಕರೆಂಟ್ ಹೋಗುತ್ತದೆ, ಬಸ್ಸಿಗೆ ಹೋಗುವವರ ಕಾಲು ಬಾಗಿಲಲ್ಲಿರುತ್ತದೆ. ನಾವು ಅದನ್ನು ಐದೂಕಾಲಕ್ಕೆ ತಂದ ಕಾರಣ ಇದೇ. ಡೈರಿ ಮುಗಿದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಸ್ಕ್ಯಾನ್, ಫೈಲಿಂಗ್‌ನಂಥ ಚಿಲ್ಲರೆ ಕೆಲಸ. ಹೊಸದೇನಾದರೂ ಬಂದರೆ ಪಟ್ಟಿಗೆ ಒಂದು ಸಾಲು ಸೇರುತ್ತದೆ ಅಷ್ಟೇ.

ಹಾಗಿದ್ದೂ ತಪ್ಪುವ ದಿನಗಳಿರುತ್ತವೆ. ಅಂದು ಪೂರ್ತಿ ಕ್ರಮವನ್ನು ಬಿಟ್ಟು ಮೊದಲ ಕೆಲಸದ ವಾಕ್ಯವನ್ನು ಮಾತ್ರ ಬರೆದು, ಕಡತ ತೆರೆದಿಟ್ಟು ಹೊರಡುತ್ತೇವೆ. ಒಂದು ನಿಮಿಷ ಸಾಕು. ಬಾಕಿ ಸಾಲುಗಳನ್ನು ಮರುದಿನ ಮೊದಲ ಕೆಲಸ ಮುಗಿದ ಮೇಲೆ ಮುಂದಕ್ಕೆ ಬರೆಯಬಹುದು. ಬೆಳಗ್ಗೆ ಬಂದ ಕೂಡಲೇ ನಿನ್ನೆಯ ಪುಟ ವಿಂಗಡಿಸಲು ಕೂತರೆ ಮಾತ್ರ ಕೆಟ್ಟಿತು. ನಿನ್ನೆಯ ಎಂಟು ಬಾಕಿಗಳನ್ನು ಒಟ್ಟಿಗೆ ನೋಡಿದವನು ಒಂದನ್ನೂ ಮುಟ್ಟುವುದಿಲ್ಲ.

ಎದುರು ಬಂದವರಿಗೆ ಅಲ್ಲೇ ಕೆಲಸ ಮಾಡಿಕೊಡುವ ಕೌಂಟರ್‌ನವರಿಗೆ ಈ ಪದ್ಧತಿ ಹೊಂದುವುದು ಕಷ್ಟ. ಅವರ ಮೊದಲ ಕೆಲಸವನ್ನು ಹೆಸರಿಸುವುದು ಸಾಲು ನಿಂತವರು. ಕೌಂಟರ್ ತೆರೆಯುವ ಮುನ್ನ ಅರ್ಧ ಗಂಟೆ ಸಿಗುವಂತಿದ್ದರೆ ಮಾತ್ರ ಪ್ರಯತ್ನಿಸಬಹುದು.

ದುರಸ್ತಿ ಆಯಿತೇ ಎಂದು ನೋಡುವುದು

ಮೊದಲ ಕೆಲಸದ ವಾಕ್ಯದ ಪಕ್ಕದಲ್ಲಿ, ಅದಕ್ಕೆ ನಿಜವಾಗಿ ಕೈ ಹಾಕಿದ ಗಂಟೆಯನ್ನು ಹತ್ತು ಕೆಲಸದ ದಿನ ಬರೆಯಿರಿ. ಕೈ ಹಾಕಿದ್ದೆಂದರೆ ಡೈರಿ ಓದಿದ್ದಲ್ಲ, ಫೋನ್ ಮಾಡಿದ್ದೂ ಅಲ್ಲ. 31ನೇ ಬಿಲ್‌ನ ಮೇಲೆ ಬೆರಳಿಟ್ಟದ್ದು. ಕೆಟ್ಟಿದ್ದ ವಾರದಲ್ಲಿ ನಮ್ಮ ಗಂಟೆಗಳು 11.10, 10.50, 12.05 ಎಂದೆಲ್ಲ ಇದ್ದವು, ಎರಡು ದಿನ ಶುರುವೇ ಆಗಿರಲಿಲ್ಲ. ಸಾಲುಗಳನ್ನು ಸರಿಪಡಿಸಿ ಬರೆದ ಮೇಲಿನ ಹತ್ತು ದಿನಗಳಲ್ಲಿ ಒಂಬತ್ತು ಬೆಳಗ್ಗೆ 9.50ರೊಳಗೆ ಶುರುವಾಯಿತು. ತಪ್ಪಿದ ಒಂದು ದಿನದ ಪುಟ ತೆಗೆದು ನೋಡಿದರೆ ವಾಕ್ಯ ಚೆನ್ನಾಗಿಯೇ ಇತ್ತು, ಕ್ರಿಯಾಪದವೂ ಇತ್ತು, ಯಾರನ್ನೂ ಕಾಯುವಂತಿರಲಿಲ್ಲ. ಕೆಳಗೆ ಸಹಾಯಕಿಯ ಅಕ್ಷರದಲ್ಲಿ ಪೆನ್ಸಿಲ್‌ನಿಂದ ಬರೆದಿತ್ತು: "ಸರ್, ಕಡತ ಒಳಗಿಟ್ಟಿದ್ದೇನೆ, ಮಳೆಗೆ ಕಿಟಕಿ ಸೋರುತ್ತಿದೆ."

ಕಿಟಕಿ ರಿಪೇರಿ ಮರುದಿನದ ಪುಟಕ್ಕೆ ಹೋಯಿತು. ಬಡಗಿಯನ್ನು ಕಾಯಬೇಕಾದ್ದರಿಂದ ಮೊದಲ ಕೆಲಸವಾಗಿ ಅಲ್ಲ.